ಬಿಳಿ ಉಂಗುರದ ಬಣ್ಣ ಮೈಯದೋ, ಲೇಪದ್ದೋ?

ನಿಶ್ಚಿತಾರ್ಥದ ಉಂಗುರಕ್ಕೆಂದು ಹೋದವರ ಮುಂದೆ ಅಂಗಡಿಯವರು ಎರಡು ಬಿಳಿ ಬ್ಯಾಂಡುಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟರೆ, ಯಾವುದು ಪ್ಲಾಟಿನಂ, ಯಾವುದು ವೈಟ್ ಗೋಲ್ಡ್ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಹೊಸದರಲ್ಲಿ ಎರಡರದೂ ಹೆಚ್ಚುಕಡಿಮೆ ಒಂದೇ ಬಿಳುಪು, ಒಂದೇ ಹೊಳಪು. ಅಂಗೈಗೆ ತೆಗೆದುಕೊಂಡಾಗ ಮಾತ್ರ ಒಂದು ಇನ್ನೊಂದಕ್ಕಿಂತ ಭಾರ ಅನ್ನಿಸುತ್ತದೆ. ಆಯ್ಕೆಯ ಮಾತು ಬಂದಾಗ ಕೇಳಿಬರುವುದು ಸಾಮಾನ್ಯವಾಗಿ ಎರಡೇ ಮಾತು: ಪ್ಲಾಟಿನಂ ಗಟ್ಟಿ, ಪ್ಲಾಟಿನಂ ದುಬಾರಿ. ಎರಡೂ ಅರ್ಧ ಸತ್ಯ. ಮೊದಲನೆಯದು ಲೋಹದ ಸ್ವಭಾವವನ್ನು ತಪ್ಪಾಗಿ ಹೇಳುತ್ತದೆ, ಎರಡನೆಯದು ಹತ್ತು ವರ್ಷಕ್ಕೂ ಹಳೆಯ ಮಾರುಕಟ್ಟೆಯನ್ನು ನೆನಪಿಟ್ಟುಕೊಂಡಿದೆ.

ಇವೆರಡನ್ನೂ ಒರೆಗೆ ಹಚ್ಚಲು ಒಂದು ಉಂಗುರವನ್ನೇ ಎದುರಿಗಿಟ್ಟುಕೊಳ್ಳೋಣ. ಕಲ್ಲಿಲ್ಲದ, ಕೆತ್ತನೆಯಿಲ್ಲದ ಸಾದಾ ಬ್ಯಾಂಡ್. ಒಳವ್ಯಾಸ 17 ಮಿಲಿಮೀಟರ್, ಅಗಲ 3 ಮಿಲಿಮೀಟರ್, ದಪ್ಪ ಒಂದೂವರೆ ಮಿಲಿಮೀಟರ್. ಇದೇ ಅಳತೆಯಲ್ಲಿ ಒಂದನ್ನು ಪ್ಲಾಟಿನಂನಲ್ಲಿ, ಇನ್ನೊಂದನ್ನು 18 ಕ್ಯಾರೆಟ್ ಬಿಳಿ ಚಿನ್ನದಲ್ಲಿ ಮಾಡಿಸಿದರೆ ಪ್ಲಾಟಿನಂ ಉಂಗುರ ಸುಮಾರು 5.4 ಗ್ರಾಂ ತೂಗುತ್ತದೆ, ಬಿಳಿ ಚಿನ್ನದ್ದು 3.9 ಗ್ರಾಂ. ಈ ಒಂದೂವರೆ ಗ್ರಾಂ ವ್ಯತ್ಯಾಸವನ್ನು ಮರೆಯಬಾರದು. ಬೆಲೆಯ ಲೆಕ್ಕವೆಲ್ಲ ಕೊನೆಗೆ ಇಲ್ಲಿಗೇ ಬರುತ್ತದೆ.

ಮೊದಲು ಒಳಗೇನಿದೆ ನೋಡೋಣ. ಚಿನ್ನ ಹುಟ್ಟಿನಿಂದ ಹಳದಿ. ಬಿಳಿ ಚಿನ್ನದ ಗಣಿ ಎಲ್ಲೂ ಇಲ್ಲ. ಹಳದಿಯನ್ನು ತಗ್ಗಿಸಬೇಕಾದರೆ ಅದಕ್ಕೆ ನಿಕಲ್ ಅಥವಾ ಪಲ್ಲಾಡಿಯಂ ಬೆರೆಸಬೇಕು, ಹದಕ್ಕಾಗಿ ತಾಮ್ರ, ಸತು, ಬೆಳ್ಳಿಯನ್ನೂ ಸೇರಿಸುತ್ತಾರೆ. ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ 22 ಕ್ಯಾರೆಟ್‌ನಲ್ಲಿ ಬಿಳಿ ಚಿನ್ನ ಬಾರದಿರುವುದಕ್ಕೆ ಇದೇ ಕಾರಣ. ನೂರರಲ್ಲಿ 91.6 ಪಾಲು ಚಿನ್ನವೇ ಇದ್ದರೆ ಉಳಿದ ಎಂಟು ಚಿಲ್ಲರೆ ಪಾಲಿಗೆ ಆ ಹಳದಿಯನ್ನು ಅಡಗಿಸುವ ಶಕ್ತಿ ಸಾಲದು. 18 ಕ್ಯಾರೆಟ್ ಅಂದರೆ ಮುಕ್ಕಾಲು ಪಾಲು ಚಿನ್ನ, ಕಾಲು ಪಾಲು ಬೇರೆ ಲೋಹ. ಅಷ್ಟು ಬೆರೆಸಿದರೂ ಬರುವುದು ಪೂರ್ಣ ಬಿಳುಪಲ್ಲ, ತುಸು ಹಳದಿ ಅಥವಾ ಬೂದು ಛಾಯೆಯ ಬಿಳುಪು. ಅಂಗಡಿಯಲ್ಲಿ ಕಾಣುವ ಕನ್ನಡಿಯಂಥ ಬಿಳುಪು ಇದರ ಮೇಲೆ ಹಚ್ಚಿದ ರೋಡಿಯಂ ಎಂಬ ಬೇರೊಂದು ಲೋಹದ ಪದರದ್ದು.

ಪ್ಲಾಟಿನಂ ಉಂಗುರದ ಮಾತು ಬೇರೆ. ಭಾರತದಲ್ಲಿ ಆಭರಣದ ಪ್ಲಾಟಿನಂ ಸಾಮಾನ್ಯವಾಗಿ ಪಿಟಿ950, ಅಂದರೆ ಸಾವಿರದಲ್ಲಿ 950 ಪಾಲು ಶುದ್ಧ ಪ್ಲಾಟಿನಂ. ಉಳಿದದ್ದು ರುಥೇನಿಯಂ, ಕೋಬಾಲ್ಟ್, ಇರಿಡಿಯಂನಂಥ ಲೋಹ. ಇದರ ಬಿಳುಪು ಮೇಲಿನಿಂದ ಒಳಗಿನವರೆಗೆ ಒಂದೇ. ಗರಗಸದಿಂದ ಕೊಯ್ದು ನೋಡಿದರೂ ನಡುವೆ ಅದೇ ಬಣ್ಣ.

ಇತಿಹಾಸವೂ ಈ ಎರಡು ಲೋಹಗಳನ್ನು ಪೈಪೋಟಿಗೆ ನಿಲ್ಲಿಸಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ರೀಮಂತರ ವಜ್ರದಾಭರಣಕ್ಕೆ ಪ್ಲಾಟಿನಂ ಬೇಕಿತ್ತು, ಬಿಳಿ ಚಿನ್ನ ಅದರ ಬದಲಿಯಾಗಿ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಪ್ಲಾಟಿನಂ ಅನ್ನು ಯುದ್ಧೋಪಯೋಗಿ ಲೋಹವೆಂದು ಕಾದಿರಿಸಿ ಆಭರಣದಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಮದುವೆಯ ಬಿಳಿ ಉಂಗುರಗಳು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಳಿ ಚಿನ್ನಕ್ಕೆ ತಿರುಗಿದ್ದು ಆಗ. ಬದಲಿಯಾಗಿ ಬಂದದ್ದು ತನ್ನ ಜಾಗ ಬಿಟ್ಟುಕೊಡಲಿಲ್ಲ.

ಗೀರು ಬೀಳುವುದು, ಸವೆಯುವುದು

ಈಗ ಗಟ್ಟಿತನದ ಮಾತು. ಲೋಹದ ಗಡಸುತನವನ್ನು ಅಳೆಯುವ ವಿಕರ್ಸ್ ಮಾಪನದಲ್ಲಿ ರುಥೇನಿಯಂ ಬೆರೆತ ಪಿಟಿ950 ಸುಮಾರು 130ರ ಆಸುಪಾಸಿನಲ್ಲಿದೆ. ನಿಕಲ್ ಬೆರೆತ 18 ಕ್ಯಾರೆಟ್ ಬಿಳಿ ಚಿನ್ನ 200 ದಾಟುತ್ತದೆ. ಅಂದರೆ ಗೀರು ಬೇಗ ಬೀಳುವುದು ಪ್ಲಾಟಿನಂ ಮೇಲೆ. ಬೈಕಿನ ಹಿಡಿಕೆ, ಬಸ್ಸಿನ ಕಂಬಿ, ಜಿಮ್ಮಿನ ಡಂಬೆಲ್, ಸ್ಟೀಲ್ ಪಾತ್ರೆಯ ಅಂಚು, ಯಾವುದಕ್ಕೆ ತಾಗಿದರೂ ಗುರುತು ಉಳಿಯುತ್ತದೆ. ಹೆಚ್ಚು ದುಡ್ಡು ಕೊಟ್ಟು ತಂದ ಪ್ಲಾಟಿನಂ ಬ್ಯಾಂಡು ಕೆಲವೇ ತಿಂಗಳಲ್ಲಿ ಮಂಕಾಯಿತೆಂದು ಅಂಗಡಿಗೆ ಓಡುವವರಿಗೆ ಯಾರೋ ಇದನ್ನು ಮೊದಲೇ ಹೇಳಬೇಕಿತ್ತು.

ಆದರೆ ಗೀರು ಬೀಳುವುದು ಬೇರೆ, ಸವೆಯುವುದು ಬೇರೆ. ಚಿನ್ನಕ್ಕೆ ಗೀರು ಬಿದ್ದಾಗ ಅಲ್ಲಿಂದ ಒಂದಿಷ್ಟು ಕಣ ಉದುರಿ ಹೋಗುತ್ತದೆ. ಪ್ಲಾಟಿನಂ ಹಾಗಲ್ಲ. ನೇಗಿಲ ಸಾಲಿನ ಮಣ್ಣು ಹೊಲ ಬಿಟ್ಟು ಹೋಗದೆ ಎರಡೂ ಬದಿಗೆ ಏರಿ ನಿಲ್ಲುವಂತೆ, ಗೀರು ಎಳೆದ ಕಡೆ ಲೋಹ ಪಕ್ಕಕ್ಕೆ ಸರಿದು ಅಲ್ಲೇ ಉಳಿಯುತ್ತದೆ. ಆದ್ದರಿಂದ ವರ್ಷಗಟ್ಟಲೆ ತೊಟ್ಟ ಪ್ಲಾಟಿನಂ ಉಂಗುರದ ಮೈ ಮಂಕಾಗಿದ್ದರೂ ತೂಕ ಹೆಚ್ಚು ಕಡಿಮೆಯಾಗಿರುವುದಿಲ್ಲ. ನೂರಾರು ಸಣ್ಣ ಗೀರುಗಳು ಒಂದರ ಮೇಲೊಂದು ಕೂತು ಮೂಡುವ ಆ ಮಂಕು ಬೆಳ್ಳನೆಯ ಮೈಯನ್ನು ಇಷ್ಟಪಟ್ಟು ಹಾಗೇ ಬಿಡುವವರೂ ಇದ್ದಾರೆ. ನನಗೆ ಕನ್ನಡಿ ಹೊಳಪಿಗಿಂತ ಅದೇ ಚೆಂದ. ಬೇಡವೆಂದರೆ ಪಾಲಿಶ್ ಮಾಡಿಸಬಹುದು. ಪ್ಲಾಟಿನಂ ಕೆಲಸ ಬಲ್ಲವನು ಮೊದಲು ಉಕ್ಕಿನ ನುಣ್ಣನೆಯ ಸಲಾಕೆಯಿಂದ ಒತ್ತಿ ಉಜ್ಜಿ ಎದ್ದ ಲೋಹವನ್ನು ಮತ್ತೆ ಸಾಲಿಗೆ ಕೂರಿಸುತ್ತಾನೆ, ಆಮೇಲೆ ಪಾಲಿಶ್ ಚಕ್ರಕ್ಕೆ ಹಿಡಿಯುತ್ತಾನೆ. ನೇರ ಚಕ್ರಕ್ಕೆ ಕೊಟ್ಟರೆ ಉಳಿಯಬಹುದಾಗಿದ್ದ ಲೋಹವೂ ಪುಡಿಯಾಗಿ ಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ ಪ್ಲಾಟಿನಂಗೆ ಒಂದು ನಿಜವಾದ ದೌರ್ಬಲ್ಯವಿದೆ. ಮೆದುವಾದ್ದರಿಂದ ತೆಳ್ಳಗೆ ಮಾಡಿದರೆ ಬಾಗುತ್ತದೆ. ಗ್ರಾಂ ಲೆಕ್ಕದಲ್ಲಿ ಮಾರುವ ಭಾರದ ಲೋಹವಾದ್ದರಿಂದ ಬಿಲ್ಲು ಇಳಿಸಲು ಬ್ಯಾಂಡನ್ನು ತೆಳುವಾಗಿಸುವ ಆಸೆ ಮಾರುವವರಿಗೂ ಇರುತ್ತದೆ, ಕೊಳ್ಳುವವರಿಗೂ ಇರುತ್ತದೆ. ಒಂದು ಮಿಲಿಮೀಟರಿಗೆ ಇಳಿದ ಬ್ಯಾಂಡು ಭಾರದ ಚೀಲ ಎತ್ತುವ ಕೈಯಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಬಹುದು. ದಪ್ಪ ಒಂದೂವರೆ ಮಿಲಿಮೀಟರ್ ಇರಲಿ ಎಂದು ನಾನು ಹೇಳುವುದು ಅದಕ್ಕೇ. ಅಳೆಯಲು ಅಂಗಡಿಯಲ್ಲಿ ವರ್ನಿಯರ್ ಇದ್ದೇ ಇರುತ್ತದೆ, ಕೇಳಿ ನೋಡಬೇಕು.

ಬಿಳಿ ಚಿನ್ನದ ದೌರ್ಬಲ್ಯ ಇನ್ನೊಂದು ಬಗೆಯದು. ನಿಕಲ್ ಬೆರೆತ ಬಿಳಿ ಚಿನ್ನ ಗಡಸು, ಆದರೆ ಕ್ಲೋರಿನ್ನಿಗೆ ಸೋಲುತ್ತದೆ. ಬ್ಲೀಚಿಂಗ್ ಪುಡಿಯ ನೀರು, ಬಾತ್‌ರೂಮ್ ತೊಳೆಯುವ ಬ್ಲೀಚ್, ಈಜುಕೊಳದ ನೀರು ಇವುಗಳಲ್ಲಿ ಪದೇ ಪದೇ ಅದ್ದಿದರೆ, ಒತ್ತಡವಿರುವ ಕಡೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಸಾದಾ ಬ್ಯಾಂಡಿಗೆ ಇದರಿಂದ ದೊಡ್ಡ ಅಪಾಯವಿಲ್ಲ. ಆದರೆ ವಜ್ರ ಹಿಡಿದಿರುವ ತೆಳ್ಳನೆಯ ಕೊಕ್ಕೆಗಳಲ್ಲಿ ಬಿರುಕು ಬಿಟ್ಟರೆ ಯಾವ ಸೂಚನೆಯೂ ಇಲ್ಲದೆ ಕೊಕ್ಕೆ ಮುರಿದು ಕಲ್ಲು ಉದುರುತ್ತದೆ. ಪ್ಲಾಟಿನಂ ಕೊಕ್ಕೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಬಾಗಿದ್ದು ಬಟ್ಟೆಯ ದಾರಕ್ಕೆ ಸಿಕ್ಕಿಹಾಕಿಕೊಂಡು ತಾನೇ ಗುರುತು ಕೊಡುತ್ತದೆ. ಕಲ್ಲಿನ ಉಂಗುರವಾದರೆ ಪ್ಲಾಟಿನಂ ಕಡೆಗೆ ನನ್ನ ಒಲವು ವಾಲುವುದು ಇದೊಂದೇ ಕಾರಣಕ್ಕೆ.

ರೋಡಿಯಂನ ಲೆಕ್ಕ

ಬಿಳಿ ಚಿನ್ನ ಕೊಂಡವರ ನಿರ್ವಹಣೆಯ ಕಥೆಯೆಲ್ಲ ರೋಡಿಯಂ ಪದರದ್ದೇ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಉಂಗುರದ ಮೇಲಿನ ರೋಡಿಯಂ ಸಾಮಾನ್ಯವಾಗಿ ಅದಕ್ಕಿಂತಲೂ ತೆಳು, ಹಲವು ಸಲ ಅರ್ಧ ಮೈಕ್ರಾನ್ನಿಗಿಂತ ಕಡಿಮೆ. ರೋಡಿಯಂ ಬಲು ಗಡಸಾದ ಲೋಹ, ಆದರೆ ಇಷ್ಟು ತೆಳುವಾದದ್ದು ದಿನವಿಡೀ ತಿಕ್ಕಾಟಕ್ಕೆ ಸಿಕ್ಕರೆ ಸವೆಯಲೇಬೇಕು. ಅಂಗೈ ಬದಿಯಲ್ಲಿ ಮೊದಲು ಸವೆಯುತ್ತದೆ, ಆಮೇಲೆ ಅಂಚುಗಳಲ್ಲಿ. ಅಲ್ಲಿ ಒಳಗಿನ ನಸುಹಳದಿ ಇಣುಕತೊಡಗುತ್ತದೆ. ನೋಡಬೇಕೆಂದರೆ ಉಂಗುರ ತೆಗೆದು ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ತಿರುಗಿಸಬೇಕು. ಅಂಗಡಿಯ ದೀಪದಡಿ ಇದು ಕಾಣುವುದಿಲ್ಲ. ಸದಾ ಕೆಲಸ ಮಾಡುವ ಕೈಯಲ್ಲಿ ಆರೆಂಟು ತಿಂಗಳಿಗೇ ಕಾಣಬಹುದು, ಜೋಪಾನದ ಕೈಯಲ್ಲಿ ಎರಡು ಮೂರು ವರ್ಷ ಬಾಳಬಹುದು.

ಮತ್ತೆ ಲೇಪ ಹಾಕಿಸುವುದು ದೊಡ್ಡ ಕೆಲಸವೇನಲ್ಲ. ಮೊದಲು ಉಂಗುರವನ್ನು ಪಾಲಿಶ್ ಮಾಡಿ ಗೀರು ತೆಗೆಯುತ್ತಾರೆ. ಆಮೇಲೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ, ಹಬೆಯಲ್ಲಿ ಎಣ್ಣೆ ಜಿಡ್ಡು ಹೋಗುವಂತೆ ತೊಳೆದು, ತುಸು ಆಮ್ಲದಲ್ಲಿ ಅದ್ದುತ್ತಾರೆ. ಕೊನೆಗೆ ತಂತಿಯಲ್ಲಿ ತೂಗುಹಾಕಿ ರೋಡಿಯಂ ದ್ರಾವಣದೊಳಗೆ ಇಳಿಸಿ ಕಡಿಮೆ ವೋಲ್ಟಿನ ವಿದ್ಯುತ್ ಹರಿಸುತ್ತಾರೆ. ಲೇಪ ಕೂರುವುದು ಒಂದೆರಡು ನಿಮಿಷದೊಳಗೆ. ಕೆಲಸ ಕೆಡುವುದು ಮೊದಲಿನ ತೊಳೆಯುವ ಹಂತದಲ್ಲಿ. ಬೆರಳಿನ ಜಿಡ್ಡು ಉಳಿದ ಕಡೆ ಲೇಪ ಹಿಡಿಯದೆ ಕೆಲವೇ ವಾರದಲ್ಲಿ ಕಲೆಕಲೆಯಾಗಿ ಏಳುತ್ತದೆ. ಹಾಗೆ ಕಲೆಯಾಗಿ ಎದ್ದರೆ ಅದು ಸವೆತವಲ್ಲ, ಕೆಲಸದ ದೋಷ. ಹಣ ಕೊಡದೆ ಮತ್ತೆ ಮಾಡಿಸಿಕೊಳ್ಳುವುದು ಕೊಂಡವರ ಹಕ್ಕು. ಇನ್ನೊಂದು ಮಾತು: ಪ್ರತಿ ಸಲದ ಪಾಲಿಶ್ ಚಕ್ರ ಒಂದಿಷ್ಟು ಚಿನ್ನವನ್ನು ತಿನ್ನುತ್ತದೆ. ಒಳಗೆ ಹೆಸರು, ತಾರೀಖು ಕೊರೆಸಿದ್ದರೆ ಒಳಬದಿಯನ್ನು ಮುಟ್ಟಬೇಡಿ ಎಂದು ಹೇಳಿಯೇ ಕೊಡಬೇಕು.

ಲೇಪ ಸವೆದದ್ದು ಚಂದದ ಪ್ರಶ್ನೆ ಮಾತ್ರವಲ್ಲ, ಕೆಲವರಿಗೆ ಚರ್ಮದ ಪ್ರಶ್ನೆಯೂ ಹೌದು. ರೋಡಿಯಂ ಹೋದ ಮೇಲೆ ಬೆರಳಿಗೆ ತಾಗುವುದು ಒಳಗಿನ ನಿಕಲ್. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸಿ ನೀರು ಒಸರುವುದು, ಜೀನ್ಸ್ ಗುಂಡಿಯ ಕೆಳಗೆ ಹೊಕ್ಕುಳ ಬಳಿ ಕಜ್ಜಿಯಾಗುವುದು, ಇವು ಬಹುಮಟ್ಟಿಗೆ ನಿಕಲ್ ಅಲರ್ಜಿಯ ಲಕ್ಷಣ. ಐರೋಪ್ಯ ಒಕ್ಕೂಟ ಚರ್ಮಕ್ಕೆ ತಾಗುವ ಆಭರಣದಿಂದ ಹೊರಬೀಳುವ ನಿಕಲ್ಲಿಗೆ 1994ರಲ್ಲೇ ಮಿತಿ ಹಾಕಿತು. ವಧುವಿಗಾಗಲಿ ವರನಿಗಾಗಲಿ ಇಂಥ ತುರಿಕೆಯ ಇತಿಹಾಸವಿದ್ದರೆ ಪಲ್ಲಾಡಿಯಂ ಬೆರೆತ ಬಿಳಿ ಚಿನ್ನವೇ ಬೇಕೆಂದು ಕೇಳಿ ಬಿಲ್ಲಿನಲ್ಲಿ ಬರೆಸಬೇಕು, ಇಲ್ಲವೇ ಪ್ಲಾಟಿನಂಗೆ ಹೋಗಬೇಕು. ಪಲ್ಲಾಡಿಯಂ ಬೆರೆತದ್ದು ತುಸು ಬೂದು, ತುಸು ಮೆದು, ತುಸು ದುಬಾರಿ. ಬೆರಳಿಗೆ ಮಾತ್ರ ಹಿತ.

ಮನೆಯ ಆರೈಕೆ ಎರಡಕ್ಕೂ ಒಂದೇ. ಬೆಚ್ಚನೆಯ ನೀರು, ಒಂದು ಹನಿ ಮೆದು ಸೋಪು, ಮಕ್ಕಳ ಹಲ್ಲುಜ್ಜುವ ಮೃದು ಬ್ರಶ್ಶು. ಚಿನ್ನಕ್ಕೆ ಅಂಟುವಾಳದ ನೀರು ಬಳಸುತ್ತಿದ್ದ ಅಜ್ಜಿಯರ ಪದ್ಧತಿ ಇಲ್ಲಿಗೂ ಒಪ್ಪುತ್ತದೆ. ಟೂತ್‌ಪೇಸ್ಟ್, ಹಲ್ಲುಪುಡಿ, ಪಾತ್ರೆ ತಿಕ್ಕುವ ಪುಡಿ ಬೇಡ. ಅವುಗಳಲ್ಲಿರುವ ಸಣ್ಣ ಹರಳು ಪ್ಲಾಟಿನಂಗೆ ಗೀರು ಹಾಕುತ್ತದೆ, ಬಿಳಿ ಚಿನ್ನದ ಲೇಪವನ್ನೇ ಕೀಳುತ್ತದೆ.

ಬೆರಳು ದಪ್ಪವಾಗಿ ಉಂಗುರ ಹಿಗ್ಗಿಸಬೇಕಾದಾಗ ಮಾತ್ರ ಎರಡು ಲೋಹಗಳ ದಾರಿ ಪೂರ್ತಿ ಬೇರೆಯಾಗುತ್ತದೆ. ಬಿಳಿ ಚಿನ್ನವನ್ನು ತಾಲ್ಲೂಕು ಕೇಂದ್ರದ ಅಕ್ಕಸಾಲಿಗರೂ ಕತ್ತರಿಸಿ ತುಂಡು ಸೇರಿಸಿ ಬೆಸೆಯಬಲ್ಲರು, ಲೇಪಕ್ಕೆ ಮಾತ್ರ ದೊಡ್ಡ ಊರಿಗೆ ಕಳಿಸಬೇಕಾದೀತು. ಪ್ಲಾಟಿನಂ ಕರಗುವುದು 1768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿನ್ನ 1064ಕ್ಕೇ ಕರಗುತ್ತದೆ. ಎಂದಿನ ಊದುಗೊಳವೆಯ ಉರಿಗೆ ಪ್ಲಾಟಿನಂ ಬಗ್ಗುವುದಿಲ್ಲ. ಆಮ್ಲಜನಕದ ಉರಿ ಬೇಕು, ಇಲ್ಲವೇ ಲೇಸರ್ ಬೆಸುಗೆ ಯಂತ್ರ ಬೇಕು. ಚಿನ್ನದ ಕೆಲಸಕ್ಕೆ ಬಳಸಿದ ಇದ್ದಿಲು, ಅರ, ಮೂಸೆಗಳನ್ನು ಇದಕ್ಕೆ ತಾಗಿಸುವಂತಿಲ್ಲ. ಆ ತಾಪದಲ್ಲಿ ಇಂಗಾಲ, ಸಿಲಿಕಾನಿನಂಥ ಕಲ್ಮಶ ಸೇರಿಕೊಂಡರೆ ಲೋಹ ಪೆಡಸಾಗುತ್ತದೆ. ಸಾಧನವಿಲ್ಲದವರು ಕೆಲವು ಸಲ ಬಿಳಿ ಚಿನ್ನದ ಬೆಸುಗೆ ಹಾಕಿ ಕೊಡುವುದುಂಟು. ಸ್ವಲ್ಪ ಕಾಲದ ಮೇಲೆ ಅಲ್ಲಿ ಬೇರೆ ಬಣ್ಣದ ಒಂದು ಗೆರೆ ಮೂಡುತ್ತದೆ, ಮುಂದೆ ಅದೇ ಜಾಗದಲ್ಲಿ ಬಿಡುತ್ತದೆ. ಬೀದರಿನಲ್ಲೋ ಮಡಿಕೇರಿಯಲ್ಲೋ ಇರುವವರು ಪ್ಲಾಟಿನಂ ಕೊಳ್ಳುವ ಮೊದಲು ಹಿಗ್ಗಿಸುವ ಕೆಲಸ ಎಲ್ಲಿ ನಡೆಯುತ್ತದೆ, ಎಷ್ಟು ವಾರ ಹಿಡಿಯುತ್ತದೆ ಎಂದು ಕೇಳಿಯೇ ಮುಂದುವರಿಯಬೇಕು. ಮೊದಲ ಸಲವೇ ಬೆರಳಿನ ಅಳತೆಯನ್ನು ಸಂಜೆ ಹೊತ್ತು, ಸೆಕೆಯಿದ್ದಾಗ ಕೊಟ್ಟರೆ ಈ ತಾಪತ್ರಯದ ಅರ್ಧ ತಪ್ಪುತ್ತದೆ.

ಯಾವುದು ದುಬಾರಿ?

2008ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಪ್ಲಾಟಿನಂ 2,200 ಡಾಲರ್ ದಾಟಿತ್ತು. ಚಿನ್ನ ಆಗ ಸಾವಿರದ ಆಸುಪಾಸು. ಪ್ಲಾಟಿನಂ ಎಂದರೆ ಚಿನ್ನಕ್ಕಿಂತ ಮೇಲಿನದು ಎಂಬ ಭಾವನೆ ಗಟ್ಟಿಯಾಗಿದ್ದ ಕಾಲ ಅದು. ಆದರೆ ಗಣಿಯಿಂದ ಬರುವ ಪ್ಲಾಟಿನಂನ ಬಹುಪಾಲು ದಕ್ಷಿಣ ಆಫ್ರಿಕಾದ್ದು, ಅದರ ದೊಡ್ಡ ಗಿರಾಕಿ ಆಭರಣವಲ್ಲ, ವಾಹನಗಳ ಹೊಗೆ ಶುದ್ಧೀಕರಿಸುವ ಸಾಧನ. ಡೀಸೆಲ್ ಕಾರುಗಳ ಬೇಡಿಕೆ ಕುಗ್ಗುತ್ತ ಬಂದಂತೆ ಪ್ಲಾಟಿನಂ ಬಳಲಿತು, ಚಿನ್ನ ಏರಿತು. 2015ರಲ್ಲಿ ಚಿನ್ನ ಮೇಲಾಯಿತು, ಅಲ್ಲಿಂದಾಚೆ ಅಂತರ ಹಿಗ್ಗಿತು. 2025ರಲ್ಲಿ ಪ್ಲಾಟಿನಂ ಜೋರಾಗಿ ಏರಿದರೂ ಚಿನ್ನ ಅದಕ್ಕಿಂತ ಬಹಳ ಮೇಲೆಯೇ ಉಳಿಯಿತು.

ಈಗ ನಮ್ಮ ಎರಡು ಉಂಗುರಗಳಿಗೆ ಬರೋಣ. 5.4 ಗ್ರಾಂ ಪಿಟಿ950ರಲ್ಲಿ ಶುದ್ಧ ಪ್ಲಾಟಿನಂ 5.13 ಗ್ರಾಂ. 3.9 ಗ್ರಾಂ ಬಿಳಿ ಚಿನ್ನದಲ್ಲಿ ಶುದ್ಧ ಚಿನ್ನ 2.925 ಗ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಉತ್ತರ 0.57. ಅಂದರೆ ಗ್ರಾಂ ಪ್ಲಾಟಿನಂ ದರ ಗ್ರಾಂ ಅಪರಂಜಿ ದರದ ಶೇ 57 ಇದ್ದ ದಿನ ಎರಡು ಉಂಗುರಗಳ ಲೋಹದ ಬೆಲೆ ಸಮ. ಅದಕ್ಕಿಂತ ಕೆಳಗಿದ್ದರೆ ಪ್ಲಾಟಿನಂ ಉಂಗುರವೇ ಅಗ್ಗ, ಮೇಲಿದ್ದರೆ ದುಬಾರಿ. ಪ್ಲಾಟಿನಂ ದರ ಚಿನ್ನದ ಎರಡರಷ್ಟಿದ್ದಾಗ ಇದೇ ಉಂಗುರದ ಲೋಹ ಬಿಳಿ ಚಿನ್ನದ್ದಕ್ಕಿಂತ ಮೂರೂವರೆ ಪಟ್ಟು ಬೆಲೆಯದಾಗಿತ್ತು. ಹೋಗುವ ದಿನದ ಎರಡು ದರಗಳನ್ನು ಪತ್ರಿಕೆಯಲ್ಲಿ ನೋಡಿ ಈ ಒಂದು ಭಾಗಾಕಾರ ಮಾಡಿಕೊಂಡರೆ ಸಾಕು.

ಒಂದು ಬಿಲ್ಲನ್ನೇ ಬರೆದು ನೋಡೋಣ. ಇವು ಲೆಕ್ಕಕ್ಕೆಂದು ಇಟ್ಟುಕೊಂಡ ದುಂಡು ದರಗಳು: ಅಪರಂಜಿ ಗ್ರಾಂಗೆ 12,000 ರೂಪಾಯಿ, ಪ್ಲಾಟಿನಂ 6,000. ಬಿಳಿ ಚಿನ್ನದ ಉಂಗುರದ ಲೋಹ 35,100 ರೂಪಾಯಿ, ಪ್ಲಾಟಿನಂನದು 30,780. ಕೆಲಸ ಕಷ್ಟವಾದ್ದರಿಂದ ಪ್ಲಾಟಿನಂ ಮಜೂರಿ ಹೆಚ್ಚು. ಒಂದಕ್ಕೆ ಶೇ 15, ಇನ್ನೊಂದಕ್ಕೆ ಶೇ 25 ಎಂದುಕೊಳ್ಳೋಣ. ಮೊದಲನೆಯದಕ್ಕೆ 5,265, ಎರಡನೆಯದಕ್ಕೆ 7,695 ರೂಪಾಯಿ ಸೇರಿತು. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ. ಕೊನೆಗೆ ಬಿಳಿ ಚಿನ್ನ 41,576 ರೂಪಾಯಿ, ಪ್ಲಾಟಿನಂ 39,629. ಲೋಹದಲ್ಲಿದ್ದ ನಾಲ್ಕು ಸಾವಿರ ಚಿಲ್ಲರೆಯ ಅಂತರ ಮಜೂರಿಯಲ್ಲಿ ಕರಗಿ ಎರಡು ಸಾವಿರದೊಳಗೆ ಬಂತು. ಇನ್ನು ಅಂಗಡಿಯ ಪ್ಲಾಟಿನಂ ದರ ಮಾರುಕಟ್ಟೆಯ ದರಕ್ಕಿಂತ ಎಷ್ಟೋ ಮೇಲಿದ್ದರೆ ಅಂತರ ತಿರುವುಮುರುವಾಗುತ್ತದೆ. ಚಿನ್ನದ ದರ ದಿನವೂ ಎಲ್ಲರ ಬಾಯಲ್ಲಿರುತ್ತದೆ, ಅದನ್ನು ಏರಿಸಿ ಹೇಳುವುದು ಕಷ್ಟ. ಪ್ಲಾಟಿನಂ ದರ ಕೇಳುವವರೇ ಕಡಿಮೆ.

ಕೊಂಡ ಮೇಲಿನ ಖರ್ಚನ್ನೂ ಸೇರಿಸಬೇಕು. ಒಂದು ಸಲದ ರೋಡಿಯಂ ಲೇಪಕ್ಕೆ ಸಾವಿರ ರೂಪಾಯಿ, ಒಂದೂವರೆ ವರ್ಷಕ್ಕೊಮ್ಮೆ ಎಂದಿಟ್ಟುಕೊಂಡರೆ ಹತ್ತು ವರ್ಷಕ್ಕೆ ಆರು ಸಲ, ಆರು ಸಾವಿರ. ಪ್ಲಾಟಿನಂಗೆ ಆ ಅವಧಿಯಲ್ಲಿ ಎರಡು ಮೂರು ಪಾಲಿಶ್ ಸಾಕು.

ಆದರೆ ಮಾರಲು ಹೊರಟ ದಿನ ತಕ್ಕಡಿ ಚಿನ್ನದ ಕಡೆಗೆ ವಾಲುತ್ತದೆ. ಬಿಳಿ ಚಿನ್ನ ಚಿನ್ನವೇ. ಯಾವ ಊರಿನ ಯಾವ ಅಂಗಡಿಯೂ ಅದರಲ್ಲಿರುವ ಮುಕ್ಕಾಲು ಪಾಲಿಗೆ ಬೆಲೆ ಕಟ್ಟುತ್ತದೆ. ಪ್ಲಾಟಿನಂ ಹಾಗಲ್ಲ. ಕೊಂಡ ಅಂಗಡಿ ಬಿಟ್ಟು ಬೇರೆಯವರು ಬೇಡವೆನ್ನಬಹುದು, ಇಲ್ಲವೇ ಬಹಳ ಮುರಿದು ಕೇಳಬಹುದು. ಚಿನ್ನದ ಸಾಲಕ್ಕೆ ಅಡವಿಡಲೂ ಅದು ನಡೆಯದು. ಉಂಗುರವನ್ನು ಆಪತ್ಕಾಲದ ಆಸ್ತಿಯೆಂದು ನೋಡುವ ಮನೆಯವರಿಗೆ ನಾನು ಪ್ಲಾಟಿನಂ ಹೇಳುವುದಿಲ್ಲ. ಕೈಯಿಂದ ಎಂದೂ ತೆಗೆಯದೆ ತೊಡುವವರಿಗೆ, ಲೇಪದ ಗೊಡವೆ ಬೇಡವೆನ್ನುವವರಿಗೆ, ಚರ್ಮ ಸೂಕ್ಷ್ಮವಿರುವವರಿಗೆ ಧಾರಾಳವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ನೋಡಬೇಕಾದ ಗುರುತುಗಳೂ ಬೇರೆ ಬೇರೆ. ಬಿಳಿ ಚಿನ್ನಕ್ಕೆ ಬೇರೆಲ್ಲ ಚಿನ್ನದಂತೆ ಬಿಐಎಸ್ ಹಾಲ್‌ಮಾರ್ಕ್ ಇರಬೇಕು: ತ್ರಿಕೋನದ ಚಿಹ್ನೆ, 18 ಕ್ಯಾರೆಟ್‌ಗೆ 750 ಎಂಬ ಅಂಕಿ, ಜೊತೆಗೆ ಆರು ಅಕ್ಷರಾಂಕಗಳ ಎಚ್‌ಯುಐಡಿ. 2023ರ ಏಪ್ರಿಲ್‌ನಿಂದ ಈ ಸಂಖ್ಯೆಯಿಲ್ಲದೆ ಹಾಲ್‌ಮಾರ್ಕ್ ಚಿನ್ನ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಶುದ್ಧತೆ ಕಾಣುತ್ತದೆ. ಪ್ಲಾಟಿನಂಗೆ ಒಳಬದಿಯಲ್ಲಿ ಪಿಟಿ950 ಮುದ್ರೆಯಿರಬೇಕು, ಜೊತೆಗೆ ಉಂಗುರದ ಗುರುತಿನ ಸಂಖ್ಯೆ ಬರೆದ ಪ್ರಮಾಣಪತ್ರ ಕೊಡಬೇಕು. ಆ ಪತ್ರ ಕಳೆದರೆ ಮರಳಿ ಮಾರುವ ದಾರಿ ಇನ್ನೂ ಕಿರಿದಾಗುತ್ತದೆ.

ಮುದ್ರೆಯ ಮೇಲೆ ಅನುಮಾನ ಬಂದರೆ ಕಲ್ಲಿಲ್ಲದ ಬ್ಯಾಂಡಿಗೆ ಒಂದು ಸರಳ ಪರೀಕ್ಷೆ ಇದೆ. ಮೊದಲು ಉಂಗುರವನ್ನು ಹಾಗೆಯೇ ತೂಗಿ ತೂಕ ಬರೆದಿಟ್ಟುಕೊಳ್ಳಬೇಕು. ಆಮೇಲೆ ಒಂದು ಲೋಟ ನೀರನ್ನು ನೂರನೆಯ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಉಂಗುರವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನೊಳಗೆ ಇಳಿಬಿಡಬೇಕು. ತಕ್ಕಡಿ ಆಗ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಬೇಕು. ನಮ್ಮ ಪ್ಲಾಟಿನಂ ಉಂಗುರಕ್ಕೆ ತಕ್ಕಡಿ 0.26 ತೋರಿಸುತ್ತದೆ, 5.4ನ್ನು ಅದರಿಂದ ಭಾಗಿಸಿದರೆ ಇಪ್ಪತ್ತು ದಾಟುತ್ತದೆ. 18 ಕ್ಯಾರೆಟ್ ಬಿಳಿ ಚಿನ್ನವಾದರೆ ಹದಿನೈದರ ಆಸುಪಾಸು, ರೋಡಿಯಂ ಬಳಿದ ಬೆಳ್ಳಿಯಾದರೆ ಹತ್ತೂವರೆ. ಉಂಗುರಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಮೊದಲು ಕೊಡವದಿದ್ದರೆ ಉತ್ತರ ಕೆಳಗೆ ಬೀಳುತ್ತದೆ.

ಹಣ ಕೊಡುವ ಮೊದಲು ಬಿಲ್ಲಿನಲ್ಲಿ ಲೋಹದ ತೂಕ, ಅಂದಿನ ದರ, ಮಜೂರಿ, ತೆರಿಗೆ ಬೇರೆ ಬೇರೆ ಸಾಲಿನಲ್ಲಿ ಇವೆಯೇ ನೋಡಬೇಕು. ಪ್ಲಾಟಿನಂ ಆದರೆ ವಾಪಸು ಕೊಳ್ಳುವಾಗ ಅಂದಿನ ದರದ ಶೇ ಎಷ್ಟು ಕೊಡುತ್ತಾರೆ, ಹಣವಾಗಿ ಕೊಡುತ್ತಾರೋ ಬೇರೆ ಒಡವೆಗೆ ಹೊಂದಿಸುತ್ತಾರೋ ಎಂಬುದನ್ನು ಅದೇ ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಬಿಳಿ ಚಿನ್ನವಾದರೆ ಬೆರೆಸಿರುವುದು ನಿಕಲ್ಲೋ ಪಲ್ಲಾಡಿಯಮ್ಮೋ, ಎಷ್ಟು ವರ್ಷ ರೋಡಿಯಂ ಲೇಪ ಉಚಿತ ಎಂಬೆರಡನ್ನು ಬರೆಸಬೇಕು.